ಅಪ್ಪಂಗೆ ಡೊನೆಪೆಜಿಲ್ 10 ಮಾಡಿದ್ಮೇಲೆ ಪಲ್ಸ್ 46, ಹೊಟ್ಟೆ ತೊಳಸು. ನಿಲ್ಲಿಸ್ಬೇಕಾ?

ಸುಮಾ_ಅರಸೀಕೆರೆ
ನಮಸ್ಕಾರ ಎಲ್ರಿಗೂ. ಅಪ್ಪಂಗೆ 76, ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ರು. ಎರಡು ವರ್ಷದಿಂದ ಮರೆವು, ಹೇಳಿದ್ದನ್ನೇ ಹೇಳೋದು, ಪೆನ್ಷನ್ ಪಾಸ್‌ಬುಕ್ ಅಕ್ಕಿ ಡಬ್ಬದಲ್ಲಿ ಇಟ್ಟು ಊರೆಲ್ಲ ಹುಡುಕೋದು ಹೀಗೆ. ಸ್ಕ್ಯಾನ್, ಬಿ12, ಥೈರಾಯ್ಡ್ ಎಲ್ಲ ನೋಡಿ ಅಲ್ಝೈಮರ್ ಅಂದ್ರು. ಡೊನೆಪೆಜಿಲ್ 5 ಎಂಜಿ ರಾತ್ರಿ ಮಲಗೋ ಮುಂಚೆ, ಒಂದು ತಿಂಗಳು. ಆಮೇಲೆ 10 ಮಾಡಿದ್ರು. ಈಗ 10ಕ್ಕೆ ಬಂದು 12 ದಿನ.

5ರಲ್ಲಿ ಅಷ್ಟೇನೂ ತೊಂದ್ರೆ ಇರ್ಲಿಲ್ಲ. 10 ಆದ್ಮೇಲೆ ಬೆಳಿಗ್ಗೆ ಎದ್ದ ತಕ್ಷಣ ಹೊಟ್ಟೆ ತೊಳಸುತ್ತೆ ಅಂತಾರೆ, ಮುದ್ದೆ ಮುಂದಿಟ್ರೆ ಬೇಡ, ಗಂಜಿನೂ ಅರ್ಧ ಲೋಟ ಅಷ್ಟೇ. ರಾತ್ರಿ ಕನಸಲ್ಲಿ ಕೂಗ್ತಾರೆ, ಮೊನ್ನೆ "ಬೆಲ್ ಹೊಡೀತು, ಪೇಪರ್ ಕೊಡ್ರೋ" ಅಂತ ಜೋರಾಗಿ ಕೂಗಿ ಅಮ್ಮನ್ನ ಎಬ್ಬಿಸಿದ್ರು. ಇವತ್ತು ಬೆಳಿಗ್ಗೆ ಬಚ್ಚಲಿಂದ ಬರ್ತಾ ಕಣ್ಣು ಕತ್ತಲೆ ಬಂದು ಬಾಗಿಲು ಹಿಡ್ಕೊಂಡು ಹಾಗೇ ಕೂತ್ಬಿಟ್ರು. ಬೀಳ್ಲಿಲ್ಲ ಪುಣ್ಯ. ಬಿಪಿ ಮಿಷಿನ್ ಹಾಕಿದ್ರೆ ಬಿಪಿ 118/70, ಪಲ್ಸ್ 46.

ಬಿಪಿಗೆ ಮೆಟೊಪ್ರೊಲಾಲ್ 50 ತುಂಬಾ ವರ್ಷದಿಂದ ಇದೆ. ಇನ್ನೇನೂ ಮಾತ್ರೆ ಇಲ್ಲ. ಮರೆವು ಅಂತೂ ಒಂಚೂರೂ ಕಮ್ಮಿ ಆಗಿಲ್ಲ. ಅಣ್ಣ ನಿಲ್ಲಿಸ್ಬಿಡು ಅಂತಾನೆ, ಅಮ್ಮ ಡಾಕ್ಟ್ರನ್ನ ಕೇಳ್ದೆ ಬೇಡ ಅಂತಾರೆ. ಡಾಕ್ಟ್ರು ಸೋಮವಾರ ಸಿಗೋದು. ಯಾರಿಗಾದ್ರೂ ಹೀಗೆ ಆಗಿದ್ಯಾ?

ಗದಗ_ಬಸು
ನಮ್ಮ ಅವ್ವಗೂ ಇದ ಗುಳಿಗಿ ಕೊಟ್ಟಿದ್ರು ಅಕ್ಕಾರ. ಎಂಟ್ ತಿಂಗಳ ತಗೊಂಡ್ಲು, ಏನೂ ಫರಕ್ ಬೀಳ್ಲಿಲ್ಲ, ಊಟ ಬಿಟ್ಟು ಸಣ್ಣ ಆದ್ಲು. ನಾವ ನಿಲ್ಲಿಸಿದ್ವಿ. ಈಗ ರೊಟ್ಟಿ ತಿಂತಾಳ ಆರಾಮ ಅದಾಳ. ಅರವತ್ತಕ್ಕ ಅರಳು ಮರಳು ಅಂತ ಹಿರ್ಯಾರು ಸುಮ್ಮ ಅಂದಿಲ್ಲ, ಅದಕ್ಕ ಗುಳಿಗಿ ಎಲ್ಲಿಂದ ಬರ್ಬೇಕ್ರಿ.

ಮೆಡಿಕಲ್_ಮಂಜಣ್ಣ
ಸುಮಾ ಅವ್ರೇ, ದಾವಣಗೆರೆಲಿ 22 ವರ್ಷದಿಂದ ಅಂಗಡಿ ಇಟ್ಟಿದೀನಿ, ಈ ಮಾತ್ರೆ ದಿನಾ ಕೊಡ್ತೀನಿ. ರಾತ್ರಿ ಕೊಡೋದನ್ನ ಬೆಳಿಗ್ಗೆಗೆ ಹಾಕಿ, ಸರಿ ಹೋಗುತ್ತೆ. ಕನಸು ನಿಲ್ಲುತ್ತೆ, ನಿದ್ದೆಲಿ ಪಲ್ಸ್ ಇಳಿಯೋದೂ ನಿಲ್ಲುತ್ತೆ. ನಮ್ಮ ಕಡೆ ಎಷ್ಟೋ ಜನ ಹಾಗೇ ತಗೋತಾರೆ.

ಸುಮಾ_ಅರಸೀಕೆರೆ
ಬಸು ಅವ್ರೇ ನಮ್ಮಪ್ಪನೂ ಅದನ್ನೇ ಹೇಳ್ತಾರೆ "ನನಗೇನಾಗಿದೆ ವಯಸ್ಸಾಯ್ತು" ಅಂತ. ಮಂಜಣ್ಣ, ಹಾಗಾದ್ರೆ ನಾಳೆಯಿಂದ ಬೆಳಿಗ್ಗೆ ಕೊಡ್ಲಾ?

ಶೈಲಜಾ_ಲೀಡ್ಸ್
ಸುಮಾ, ಒಂದು ನಿಮಿಷ. ನಾನು ಇಲ್ಲಿ ಮೆಮೊರಿ ಕ್ಲಿನಿಕ್ಕಲ್ಲಿ ನರ್ಸ್, ಊರು ಶಿವಮೊಗ್ಗ. ಟೈಮ್ ಬದಲಾಯಿಸೋ ವಿಷ್ಯ ಆಮೇಲೆ. ಪಲ್ಸ್ 46 ಇದ್ದು ಕಣ್ಣು ಕತ್ತಲೆ ಬಂದಿದೆ ಅಂದ್ರೆ ಸೋಮವಾರದವರೆಗೆ ಕಾಯೋ ಮಾತಲ್ಲ. ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ, ಅವ್ರು ಸಿಗ್ಲಿಲ್ಲ ಅಂದ್ರೆ ಹತ್ರದಲ್ಲಿ ಎಲ್ಲಿ ಇಸಿಜಿ ಇದ್ಯೋ ಅಲ್ಲಿ ಒಂದು ಇಸಿಜಿ ತೆಗೆಸಿ. ರಾತ್ರಿಯ ಡೊನೆಪೆಜಿಲ್ ಬಿಡಬಹುದಾ ಅಂತ ಫೋನಲ್ಲೇ ಕೇಳಿ. ಅದು ದೇಹದಲ್ಲಿ ತುಂಬಾ ದಿನ ಉಳಿಯೋ ಮಾತ್ರೆ, ಒಂದೆರಡು ರಾತ್ರಿ ತಪ್ಪಿದ್ರೆ ಏನೂ ಆಗಲ್ಲ. ಮೆಟೊಪ್ರೊಲಾಲ್ ಮಾತ್ರ ನೀವಾಗೇ ನಿಲ್ಲಿಸ್ಬೇಡಿ, ಅದನ್ನ ಇದ್ದಕ್ಕಿದ್ದಂಗೆ ಬಿಟ್ರೆ ಹೃದಯಕ್ಕೆ ಬೇರೆ ತಂಟೆ. ಪೂರ್ತಿ ಪ್ರಜ್ಞೆ ತಪ್ಪಿದ್ರೆ, ಎದೆ ನೋವು ಅಂದ್ರೆ, ಉಸಿರು ಸಿಕ್ತಿಲ್ಲ ಅಂದ್ರೆ ಇಲ್ಲಿ ಟೈಪ್ ಮಾಡ್ತಾ ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ.

ಇನ್ನೊಂದು, ಪಲ್ಸ್ ಕೈಯಲ್ಲಿ ನೋಡಿ. ಮಣಿಕಟ್ಟಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ಬಡಿತ ಮಧ್ಯೆ ತಪ್ತಾ ಇದ್ರೆ ಲೆಕ್ಕ ಕೆಡುತ್ತೆ, ಮಿಷಿನ್ನೂ ಅಂಥ ಕಡೆ ಎಡವುತ್ತೆ. ಸಮವಾಗಿ ಬಡೀತಿದ್ಯಾ, ಮಧ್ಯೆ ಬಿಡ್ತಿದ್ಯಾ ಅದನ್ನೂ ಗಮನಿಸಿ.

ಆಮೇಲೆ "ಇನ್ನೇನೂ ಮಾತ್ರೆ ಇಲ್ಲ" ಅಂದ್ರಲ್ಲ, ಕಣ್ಣಿಗೆ ಡ್ರಾಪ್ಸ್ ಏನಾದ್ರೂ ಹಾಕ್ತೀರಾ?

ಬೆಂಗ್ಳೂರ್_ಕಾರ್ತಿಕ್
ಥ್ರೆಡ್ ಮಧ್ಯೆ ಬಂದೆ ಸಾರಿ. ನಂಗೆ 34. ಕೀ ಎಲ್ಲಿಟ್ಟೆ ಮರೀತೀನಿ, ಮೀಟಿಂಗಲ್ಲಿ ಹೆಸರು ಬರಲ್ಲ. ಇಂಟರ್ನಲ್ ಎಕ್ಸಾಮ್ ಇದೆ ಆಫೀಸಲ್ಲಿ. ಈ ಡೊನೆಪೆಜಿಲ್ 5 ಒಂದು ತಿಂಗಳು ತಗೊಂಡ್ರೆ ಫೋಕಸ್ ಬರುತ್ತಾ?

ಮೆಡಿಕಲ್_ಮಂಜಣ್ಣ
ಕಾರ್ತಿಕ್ ಬರಲ್ಲ ಕಣಪ್ಪ, ವಾಕರಿಕೆ ಬರುತ್ತೆ. ನಿದ್ದೆ ಮಾಡು.

ಶೈಲಜಾ_ಲೀಡ್ಸ್
ಕಾರ್ತಿಕ್, ಇದು ಡಿಮೆನ್ಷಿಯಾಗೆ ಇರೋ ಮಾತ್ರೆ. ಅದಕ್ಕಿಂತ ಮುಂಚಿನ ಸಣ್ಣ ಮರೆವಿಗೆ ವಯಸ್ಸಾದೋರಿಗೇ ಕೊಟ್ಟು ನೋಡಿದಾರೆ, ಮೊದಲ ವರ್ಷ ಸ್ವಲ್ಪ ವ್ಯತ್ಯಾಸ ಕಂಡ್ರೂ ಮೂರು ವರ್ಷ ಆಗೋ ಹೊತ್ತಿಗೆ ತಗೊಂಡೋರೂ ತಗೊಳ್ದೋರೂ ಒಂದೇ ಕಡೆ ಇದ್ರು. ನಿಮಗಂತೂ ಬೇಡವೇ ಬೇಡ.

ಸುಮಾ_ಅರಸೀಕೆರೆ
ಶೈಲಜಾ ಅಕ್ಕ, ನೀವು ಕೇಳಿದ್ಮೇಲೆ ನೆನಪಾಯ್ತು. ಗ್ಲಾಕೋಮಾಗೆ ಡ್ರಾಪ್ಸ್ ಇದೆ! ಐದು ತಿಂಗಳಿಂದ. ಡ್ರಾಪ್ಸನ್ನ ಯಾರಾದ್ರೂ ಔಷಧಿ ಅಂತ ಲೆಕ್ಕಕ್ಕೆ ತಗೋತಾರಾ ನಾನಂತೂ ತಗೊಂಡಿಲ್ಲ, ಮರೆವಿನ ಡಾಕ್ಟ್ರಿಗೂ ಹೇಳಿಲ್ಲ. ಬಾಟ್ಲಿ ಮೇಲೆ ಟಿಮೊಲಾಲ್ 0.5% ಅಂತಿದೆ, ಬೆಳಿಗ್ಗೆ ಸಂಜೆ ಎರಡೂ ಕಣ್ಣಿಗೆ.

ಕೈಯಲ್ಲಿ ಎಣಿಸಿದೆ. ಪೂರ್ತಿ ನಿಮಿಷಕ್ಕೆ 44. ಸಮವಾಗೇ ಇದೆ. ಡಾಕ್ಟ್ರು ಫೋನಲ್ಲಿ ಸಿಕ್ಕಿದ್ರು, ಇವತ್ತು ರಾತ್ರಿ ಡೊನೆಪೆಜಿಲ್ ಬೇಡ, ಬೆಳಿಗ್ಗೆ ಇಸಿಜಿ ತಗೊಂಡು ಬನ್ನಿ ಅಂದ್ರು.

ಮೆಡಿಕಲ್_ಮಂಜಣ್ಣ
ಅಯ್ಯೋ ಟಿಮೊಲಾಲ್. ಇದು ನಂಗೆ ಹೊಳೀಲೇ ಇಲ್ಲ ನೋಡಿ. ಅದೂ ಮೆಟೊಪ್ರೊಲಾಲ್ ಜಾತಿನೇ.

ಶೈಲಜಾ_ಲೀಡ್ಸ್
ಹೌದು ಅದೇ ಜಾತಿ. ಕಣ್ಣಿಗೆ ಹಾಕಿದ ಹನಿ ಕಣ್ಣಲ್ಲೇ ನಿಲ್ಲಲ್ಲ, ಒಳಮೂಲೆಯ ತೂತಿಂದ ಮೂಗಿಗೆ ಇಳಿದು ಅಲ್ಲಿಂದ ಸೀದಾ ರಕ್ತಕ್ಕೆ ಸೇರುತ್ತೆ. ಡ್ರಾಪ್ಸ್ ಹಾಕಿದ್ಮೇಲೆ ಗಂಟಲಲ್ಲಿ ಕಹಿ ಬರುತ್ತಲ್ಲ, ಅದೇ ದಾರಿ. ನುಂಗಿದ ಮಾತ್ರೆಯಾದ್ರೂ ಲಿವರ್ ದಾಟಿ ಸ್ವಲ್ಪ ಕರಗಿ ಬರುತ್ತೆ, ಇದು ಹಾಗಲ್ಲ. ಹಾಕಿದ ತಕ್ಷಣ ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆ ಮೇಲೆ ಬೆರಳಲ್ಲಿ ಮೆತ್ತಗೆ ಎರಡು ಮೂರು ನಿಮಿಷ ಒತ್ತಿ ಹಿಡೀರಿ, ಒಳಗೆ ಹೋಗೋದು ಕಮ್ಮಿ ಆಗುತ್ತೆ. ಆದ್ರೆ ಡ್ರಾಪ್ಸ್ ನೀವಾಗೇ ನಿಲ್ಲಿಸ್ಬೇಡಿ, ಗ್ಲಾಕೋಮಾ ಕಣ್ಣನ್ನೇ ತಿನ್ನುತ್ತೆ. ಕಣ್ಣಿನ ಡಾಕ್ಟ್ರನ್ನೇ ಬೇರೆ ಡ್ರಾಪ್ಸ್ ಕೇಳಿ.

ನಿಮ್ಮಪ್ಪಂದು ಹಳೇ ಬಿಪಿ ಚೀಟಿಗಳು ಇದ್ಯಾ? ಪಲ್ಸ್ ಯಾವಾಗ ಎಷ್ಟಿತ್ತು ಗೊತ್ತಾದ್ರೆ ಚೆನ್ನಾಗಿರುತ್ತೆ.

ಸುಮಾ_ಅರಸೀಕೆರೆ
ಇದೆ! ಮೇಷ್ಟ್ರಲ್ವಾ, ಪಂಚಾಂಗದ ಅಂಚಲ್ಲಿ ಪೆನ್ಸಿಲಲ್ಲಿ ಬರ್ದಿಡ್ತಾರೆ, ಈಗಲೂ ಅದೊಂದು ಮರ್ತಿಲ್ಲ. ಆರು ತಿಂಗಳ ಹಿಂದೆ 72. ಡ್ರಾಪ್ಸ್ ಶುರುವಾಗಿ ಒಂದು ತಿಂಗಳಿಗೆ 64. ಡೊನೆಪೆಜಿಲ್ 5 ಮೂರು ವಾರ ಆದ್ಮೇಲೆ 57. ಈಗ 46.

ಶೈಲಜಾ_ಲೀಡ್ಸ್
ನೋಡಿ, ಮೆಟ್ಟಿಲು ಇಳಿದಂಗೆ ಇಳಿದಿದೆ. ಯಾವ ಒಂದು ಮೆಟ್ಟಿಲೂ ಅಷ್ಟು ಎತ್ತರದ್ದಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ.

ಡೊನೆಪೆಜಿಲ್ ಹೇಗೆ ಸೇರ್ಕೊಳ್ತು ಅಂದ್ರೆ, ಮೆದುಳಲ್ಲಿ ಅಸೆಟೈಲ್‌ಕೋಲಿನ್ ಅನ್ನೋದು ನೆನಪಿನ ಕೆಲಸಕ್ಕೆ ಬೇಕು, ಅಲ್ಝೈಮರ್‌ನಲ್ಲಿ ಅದು ಕಮ್ಮಿ ಆಗುತ್ತೆ. ಇರೋದನ್ನ ಒಡೆದುಹಾಕೋ ಕಿಣ್ವಕ್ಕೆ ಈ ಮಾತ್ರೆ ತಡೆ ಹಾಕುತ್ತೆ, ಹೊಸದಾಗಿ ಏನೂ ತುಂಬಿಸಲ್ಲ. ಆದ್ರೆ ಅದೇ ವಸ್ತು ಹೃದಯಕ್ಕೆ ಹೋಗೋ ವೇಗಸ್ ನರದಲ್ಲಿ "ನಿಧಾನ" ಅಂತ ಹೇಳೋ ಕೆಲಸ ಮಾಡುತ್ತೆ, ಹೊಟ್ಟೇಲಿ ಕರುಳನ್ನ ಓಡಿಸೋ ಕೆಲಸ ಮಾಡುತ್ತೆ. ಹಾಗಾಗಿ ಪಲ್ಸ್ ಇಳಿಯೋದು, ಹೊಟ್ಟೆ ತೊಳಸೋದು, ಭೇದಿ, ಕಾಲಲ್ಲಿ ಸೆಳೆತ ಎಲ್ಲ ಒಂದೇ ಬೇರಿಂದ ಬಂದಿರೋದು. ಮೆಟೊಪ್ರೊಲಾಲ್ ಮತ್ತೆ ಟಿಮೊಲಾಲ್ ಇನ್ನೊಂದು ಕಡೆಯಿಂದ, ಓಡು ಅನ್ನೋ ಆಜ್ಞೆಯನ್ನ ಅಡಗಿಸ್ತವೆ. ಎರಡು ಕಡೆಯಿಂದ ಹಗ್ಗ ಎಳೆದಂಗೆ ಆಯ್ತು.

12ನೇ ದಿನ ತಲೆ ಸುತ್ತು ಬಂದಿದ್ದೂ ಸುಮ್ಮನೆ ಅಲ್ಲ. ಇದರ ಅರ್ಧಾಯುಷ್ಯ, ಅಂದ್ರೆ ದೇಹದಲ್ಲಿರೋದು ಅರ್ಧಕ್ಕೆ ಇಳಿಯೋಕೆ ಹಿಡಿಯೋ ಹೊತ್ತು, ಸುಮಾರು 70 ಗಂಟೆ, ಡೋಸ್ ಬದಲಾಯಿಸಿದ್ರೆ ಪೂರ್ತಿ ಮಟ್ಟಕ್ಕೆ ಬರೋಕೆ ಸುಮಾರು ಎರಡು ವಾರ ಬೇಕು. ಮೊದಲ ವಾರ ಚೆನ್ನಾಗಿದ್ರು ಅಂತ ನಂಬೋ ಹಾಗಿಲ್ಲ. ಇಳಿಸಿದ್ರೂ ಅಷ್ಟೇ, ನಾಳೆನೇ ಪಲ್ಸ್ 60 ಬರುತ್ತೆ ಅಂತ ಕಾಯ್ಬೇಡಿ.

ಮಂಜಣ್ಣ, ಬೆಳಿಗ್ಗೆ ಕೊಡೋದು ಕನಸಿಗೆ ಸರಿ, ಪಲ್ಸಿಗೆ ಅಲ್ಲ. ಇಷ್ಟು ಹೊತ್ತು ನಿಲ್ಲೋ ಮಾತ್ರೆಗೆ ಬೆಳಿಗ್ಗೆ ಏನು ರಾತ್ರಿ ಏನು, ಹೃದಯಕ್ಕೆ ಹತ್ತಿರತ್ತಿರ ಒಂದೇ.

ಮೆಡಿಕಲ್_ಮಂಜಣ್ಣ
ಒಪ್ಪಿದೆ ಮೇಡಂ. ಹಾಗಾದ್ರೆ ರಾತ್ರಿ ಅಂತ ಯಾಕೆ ಬರೀತಾರೆ ಎಲ್ಲರೂ?

ಶೈಲಜಾ_ಲೀಡ್ಸ್
ನುಂಗಿ ಮೂರು ನಾಲ್ಕು ಗಂಟೆಗೆ ಅದರ ಮಟ್ಟ ತುದಿಗೆ ಹೋಗುತ್ತೆ. ರಾತ್ರಿ ತಗೊಂಡ್ರೆ ಆ ಹೊತ್ತು ನಿದ್ದೇಲಿ ಕಳೆಯುತ್ತೆ, ವಾಕರಿಕೆ ಅರಿವಿಗೆ ಬರಲ್ಲ ಅನ್ನೋ ಲೆಕ್ಕ. ಕೆಲವ್ರಿಗೆ ಅದೇ ಹೊತ್ತು ಕನಸಾಗಿ ಹೊರಗೆ ಬರುತ್ತೆ, ಅಂಥೋರಿಗೆ ಬೆಳಿಗ್ಗೆ ತಿಂಡಿ ಆದ್ಮೇಲೆ ಕೊಡಿಸ್ತೀವಿ. ಊಟದ ಜೊತೆ ಕೊಟ್ರೂ ಮಾತ್ರೆಯ ಕೆಲಸ ಕಮ್ಮಿ ಆಗಲ್ಲ, ಖಾಲಿ ಹೊಟ್ಟೆ ಬೇಕು ಅಂತೇನಿಲ್ಲ. ಬದಲಾಯಿಸೋ ದಿನ ರಾತ್ರಿದೂ ಬೆಳಿಗ್ಗೆದೂ ಎರಡೂ ನುಂಗಿಸ್ಬೇಡಿ ಅಷ್ಟೇ. ರಾತ್ರಿದು ಬಿಟ್ಟು ಮರುದಿನ ಬೆಳಿಗ್ಗೆಯಿಂದ ಶುರು.

ಪುತ್ತೂರು_ಭಟ್ರು
ಮಾರಾಯ್ರೇ ಇಷ್ಟೆಲ್ಲ ರಗಳೆ ಯಾಕೆ, ನಮ್ಮಲ್ಲಿ ದಿನಾ ಒಂದೆಲಗದ ತಂಬುಳಿ. ಅಜ್ಜ 91ರವರೆಗೆ ಪಂಚಾಂಗ ನೋಡದೆ ತಿಥಿ ಹೇಳ್ತಿದ್ರು. ಬ್ರಾಹ್ಮಿ ಅಂದ್ರೆ ಸುಮ್ನೆಯಾ.

ಮೆಡಿಕಲ್_ಮಂಜಣ್ಣ
ಭಟ್ರೇ ಒಂದೆಲಗ ಬೇರೆ ನೀರುಬ್ರಾಹ್ಮಿ ಬೇರೆ. ಎರಡನ್ನೂ ಬ್ರಾಹ್ಮಿ ಅಂತ ಕರೆದು ಎಲ್ರೂ ಕಲಸಿಬಿಟ್ಟಿದಾರೆ. ನೀವು ತಂಬುಳಿ ಮಾಡೋದು ದುಂಡು ಎಲೆದು, ಕ್ಯಾಪ್ಸೂಲ್ ಬರೋದು ಸಣ್ಣ ದಪ್ಪ ಎಲೆದು.

ಪುತ್ತೂರು_ಭಟ್ರು
ಎಲೆ ನೋಡ್ಲಿಕ್ಕೆ ನಂಗೆ ನೀವು ಹೇಳಿ ಕೊಡ್ಬೇಕಾ. ತಂಬುಳಿ ಕುಡಿದ್ರೆ ಪಲ್ಸ್ 46 ಆಗುದಿಲ್ಲ ಅಷ್ಟು ಗೊತ್ತುಂಟು.

ಶೈಲಜಾ_ಲೀಡ್ಸ್
ತಂಬುಳಿ ಕುಡೀಲಿ ಭಟ್ರೇ, ಮಜ್ಜಿಗೆ ಒಳಗೆ ಹೋದ್ರೆ ಊಟ ಬಿಟ್ಟೋರಿಗೆ ಒಳ್ಳೇದೇ. ಕ್ಯಾಪ್ಸೂಲ್, ಲೇಹ್ಯ ಇಂಥದ್ದು ತಗೋತಿದ್ರೆ ಮಾತ್ರ ಡಾಕ್ಟ್ರಿಗೆ ಹೇಳ್ಬೇಕು.

ಕುಮಟಾ_ಸವಿತಾ
ಮಾತ್ರೆ ಜಗಳದ ಬಗ್ಗೆ ನಮ್ಮನೆ ಕತೆ ಹೇಳ್ತೆ. ಆಯಿಗೆ ಡೊನೆಪೆಜಿಲ್ ಶುರು ಮಾಡಿ ಎರಡು ತಿಂಗಳಿಗೆ ಮೂತ್ರ ತಡ್ಕೊಳ್ಳಕ್ಕೆ ಆಗ್ದಂಗಾಯ್ತು, ಹಾಸಿಗೆ ಒದ್ದೆ. ನಾವು ಕಾಯಿಲೆ ಮುಂದುವರೀತು ಅಂದ್ಕೊಂಡು ಬೇರೆ ಡಾಕ್ಟ್ರ ಹತ್ರ ಹೋದ್ವಿ. ಅವ್ರು ಆಕ್ಸಿಬ್ಯುಟಿನಿನ್ ಕೊಟ್ರು. ಒದ್ದೆ ನಿಂತ್ತು, ಆದ್ರೆ ಹತ್ತು ದಿನದಲ್ಲಿ ಆಯಿ ನನ್ನ ಹೆಸರೇ ಬಿಟ್ಲು, ಗೋಡೆ ಜೊತೆ ಮಾತಾಡಕ್ಕೆ ಶುರು. ಮೂರನೇ ಡಾಕ್ಟ್ರು ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿ ಹೇಳಿದ್ರು, ಮೊದಲನೇ ಮಾತ್ರೆ ಯಾವುದನ್ನ ಉಳಿಸ್ತದೋ ಎರಡನೇದು ಅದನ್ನೇ ಅಡ್ಡಗಟ್ಟತದೆ, ನೀವು ಆಕ್ಸಿಲರೇಟರೂ ಬ್ರೇಕೂ ಒಟ್ಟಿಗೆ ಒತ್ತಿದೀರಿ ಅಂತ. ಅದು ಬಿಟ್ಟು ಡೊನೆಪೆಜಿಲ್ ಇಳಿಸಿದ್ಮೇಲೆ ಎರಡೂ ಸರಿ ಆಯ್ತು.

ಮೆಡಿಕಲ್_ಮಂಜಣ್ಣ
ನೆಗಡಿ ಮಾತ್ರೇಲಿ ಬರೋ ಕ್ಲೋರ್‌ಫೆನಿರಮೈನೂ ಆ ಗುಂಪೇ. ಜನ ಬಂದು "ನೆಗಡಿಗೊಂದು ಕೊಡಿ" ಅಂತಾರೆ, ಮನೇಲಿ ಯಾರಿಗೆ ಅಂತ ಹೇಳಲ್ಲ. ಇನ್ಮೇಲೆ ವಯಸ್ಸು ಕೇಳೇ ಕೊಡೋದು.

ಸುಮಾ_ಅರಸೀಕೆರೆ
ಅಪ್ಡೇಟ್. ಇಸಿಜಿ ಆಯ್ತು, ಪಲ್ಸ್ 45. ಪಿಆರ್ ಅಂತ ಏನೋ 0.24 ಸೆಕೆಂಡ್ ಬಂದಿದೆ, 0.20 ಒಳಗೆ ಇರ್ಬೇಕಂತೆ. ಮೇಲಿನ ಕೋಣೆಯಿಂದ ಕೆಳಗೆ ಸಂದೇಶ ತಡವಾಗಿ ಹೋಗ್ತಿದೆ ಆದ್ರೆ ಒಂದೂ ತಪ್ತಿಲ್ಲ, ಈಗಲೇ ಪೇಸ್‌ಮೇಕರ್ ಮಾತು ಬೇಡ ಅಂದ್ರು. ಡ್ರಾಪ್ಸ್ ಬಾಟ್ಲಿ ಟೇಬಲ್ ಮೇಲಿಟ್ಟೆ, ಡಾಕ್ಟ್ರು ಅದನ್ನ ಕೈಗೆ ತಗೊಂಡು ತಿರುಗಿಸಿ ನೋಡಿ "ಇದನ್ನ ಯಾಕಮ್ಮ ಹೇಳ್ಲಿಲ್ಲ" ಅಂದ್ರು. ನೀವು ಯಾಕೆ ಕೇಳ್ಲಿಲ್ಲ ಅಂತ ಬಾಯಿ ತುದಿಗೆ ಬಂದಿತ್ತು.

ಡೊನೆಪೆಜಿಲ್ ಐದು ದಿನ ಪೂರ್ತಿ ಬಿಟ್ಟು, ಪಲ್ಸ್ 50 ದಾಟಿದ್ರೆ ಮತ್ತೆ 5, ಈ ಸಲ ಬೆಳಿಗ್ಗೆ ತಿಂಡಿ ಆದ್ಮೇಲೆ. ಮೆಟೊಪ್ರೊಲಾಲ್ 50 ಇದ್ದಿದ್ದು 25, ಹತ್ತು ದಿನ ಆದ್ಮೇಲೆ ನಿಲ್ಲಿಸಿ ಆಮ್ಲೊಡಿಪಿನ್. ಅಪ್ಪಂಗೆ ಹಾರ್ಟ್ ಅಟ್ಯಾಕ್ ಏನೂ ಆಗಿಲ್ಲ, ಬರೀ ಬಿಪಿಗೆ ಇದ್ದಿದ್ದು ಅದಕ್ಕೆ ಬದಲಾಯಿಸಬಹುದು ಅಂದ್ರು. ಕಣ್ಣಿನ ಡಾಕ್ಟ್ರು ಲ್ಯಾಟನೋಪ್ರೊಸ್ಟ್ ಅಂತ ರಾತ್ರಿ ಒಂದೇ ಹನಿ ಕೊಟ್ರು.

ಶೈಲಜಾ_ಲೀಡ್ಸ್
ಒಳ್ಳೇ ಡಾಕ್ಟ್ರು. ಹೃದಯದ ಕಾಯಿಲೆಗೇ ಮೆಟೊಪ್ರೊಲಾಲ್ ಕೊಟ್ಟಿದ್ರೆ ಈ ದಾರಿ ಇರ್ತಿರ್ಲಿಲ್ಲ, ಆಗ ಡೊನೆಪೆಜಿಲ್ಲನ್ನೇ ಬಿಡ್ಬೇಕಾಗ್ತಿತ್ತೇನೋ. ನಮ್ಮ ಕ್ಲಿನಿಕ್ಕಲ್ಲಿ ಪಲ್ಸ್ 50ರ ಕೆಳಗಿದ್ರೆ ಈ ಮಾತ್ರೆ ಶುರುನೇ ಮಾಡಲ್ಲ. 50ರಿಂದ 60 ಇದ್ದು ತಲೆಸುತ್ತು ಇಲ್ದಿದ್ರೆ ಮಾಡ್ತೀವಿ, ಡೋಸ್ ಏರಿಸೋ ಮುಂಚೆ ಮತ್ತೆ ಎಣಿಸ್ತೀವಿ.

ಗದಗ_ಬಸು
ಅಲ್ರೀ ಇಷ್ಟ ತ್ರಾಸ ಪಟ್ಟು ಮತ್ತ ಅದ ಗುಳಿಗಿ ಯಾಕ ಕೊಡಬೇಕು? ಸುಮಾ ಅಕ್ಕಾರ ಅವರ ಅಂದಾರಲ್ಲ, ಮರೆವು ಒಂಚೂರೂ ಕಡಿಮಿ ಆಗಿಲ್ಲಂತ. ಅವ್ವನ ವಿಷಯದಾಗ ನಾ ಮಾಡಿದ್ದ ಸರಿ ಅಂತ ಈಗೂ ಅಂತೀನಿ.

ಶೈಲಜಾ_ಲೀಡ್ಸ್
ಬಸು ಅವ್ರೇ ನಿಮ್ಮ ಅವ್ವ ತೂಕ ಇಳಿದಿದ್ರು, ಲಾಭ ಕಾಣ್ಲಿಲ್ಲ, ನಿಲ್ಲಿಸಿದ್ರಿ. ಅದು ತಪ್ಪು ಅನ್ನಲ್ಲ ನಾನು. ಆದ್ರೆ "ಮರೆವು ಕಮ್ಮಿ ಆಗಿಲ್ಲ" ಅನ್ನೋದು ಅಳತೆ ಅಲ್ಲ. ಈ ಮಾತ್ರೆ ಮರೆವನ್ನ ಕಮ್ಮಿ ಮಾಡುತ್ತೆ ಅಂತ ಹೇಳಿ ಕೊಟ್ಟೋರದ್ದು ತಪ್ಪು.

ಇದಕ್ಕೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಾಗ ನೋಡಿದ ಪರೀಕ್ಷೆ 70 ಅಂಕದ್ದು. ಆರು ತಿಂಗಳಿಗೆ ಮಾತ್ರೆ ತಗೊಂಡೋರಿಗೂ ಬರೀ ಸಕ್ಕರೆ ಗುಳಿಗೆ ತಗೊಂಡೋರಿಗೂ ಇದ್ದ ಅಂತರ ಸುಮಾರು ಮೂರು ಅಂಕ. ಡಾಕ್ಟ್ರು ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀರಿ ಅಂತ ಕೇಳ್ತಾರಲ್ಲ, ಆ 30 ಅಂಕದ ಪರೀಕ್ಷೇಲಿ ಒಂದು ಅಂಕದಷ್ಟು. ಅಷ್ಟೇ. 5ಕ್ಕೂ 10ಕ್ಕೂ ಇರೋ ಅಂತರ ಅದಕ್ಕಿಂತಾನೂ ಸಣ್ಣದು, ತೊಂದರೆ ಮಾತ್ರ 10ರಲ್ಲಿ ಎದ್ದು ಕಾಣುತ್ತೆ. ಹಾಗಾಗಿ ಸುಮಾ, 5ರಲ್ಲೇ ನಿಂತ್ರೆ ಏನೋ ದೊಡ್ಡದು ಕಳ್ಕೊಂಡ್ವಿ ಅಂದ್ಕೋಬೇಡಿ.

ಬೆಂಗ್ಳೂರ್_ಕಾರ್ತಿಕ್
70ಕ್ಕೆ 3? ಇದಕ್ಕಾ ಜನ ಇಷ್ಟು ದುಡ್ಡು ಕೊಡ್ತಿರೋದು

ಕುಮಟಾ_ಸವಿತಾ
ಸರಾಸರಿ ಅಂದ್ರೆ ಎಲ್ರಿಗೂ 3 ಅಂತಲ್ಲ ತಮ್ಮಾ. ಕೆಲವ್ರಿಗೆ ಕಾಣ್ತದೆ, ಕೆಲವ್ರಿಗೆ ಸೊನ್ನೆ. ಆಯಿಗೆ ಕಂಡಿತ್ತು. ಮರೆವು ಹಾಗೇ ಇತ್ತು, ಆದ್ರೆ ಮತ್ತೆ ಮೊಗ್ಗು ಕಟ್ಟಕ್ಕೆ ಕೂತ್ಲು. ಅದಕ್ಕೂ ಮುಂಚೆ ಆರು ತಿಂಗಳು ದಾರ ಮುಟ್ಟಿರ್ಲಿಲ್ಲ.

ಸುಮಾ_ಅರಸೀಕೆರೆ
ಹಾಗಾದ್ರೆ ಕೆಲ್ಸ ಮಾಡ್ತಿದ್ಯಾ ಇಲ್ವಾ ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಅಣ್ಣ ಬೆಂಗಳೂರಿಂದ ತಿಂಗಳಿಗೊಂದ್ಸಲ ಬಂದು "ಹಾಗೇ ಇದಾರಲ್ಲ" ಅಂತಾನೆ.

ಶೈಲಜಾ_ಲೀಡ್ಸ್
"ಹಾಗೇ ಇದಾರೆ" ಅನ್ನೋದೇ ಈ ಮಾತ್ರೆಯಿಂದ ಸಿಗೋ ಒಳ್ಳೇ ಸುದ್ದಿ ಸುಮಾ, ಅಣ್ಣಂಗೆ ಹೇಳಿ. ಕಾಯಿಲೆ ಒಳಗೆ ತನ್ನ ಪಾಡಿಗೆ ನಡೀತಾನೇ ಇರುತ್ತೆ, ಮಾತ್ರೆ ಅದನ್ನ ನಿಲ್ಲಿಸಲ್ಲ. ಆರೆಂಟು ತಿಂಗಳು, ಅದೃಷ್ಟ ಇದ್ರೆ ಒಂದು ವರ್ಷ ಇದ್ದಲ್ಲೇ ಇದ್ದಂಗೆ ಕಂಡ್ರೆ ಅದೇ ಲಾಭ.

ಮನೇಲಿ ನಾಲ್ಕು ಕೆಲಸ ಆರಿಸ್ಕೊಳ್ಳಿ, ನೆನಪಿನ ಪರೀಕ್ಷೆ ಥರದ್ದು ಬೇಡ, ದಿನದ ಕೆಲಸ. ಅಂಗಿ ಗುಂಡಿ ತಾವೇ ಹಾಕ್ಕೋತಾರಾ, ಪೇಪರ್ ಎಷ್ಟು ಹೊತ್ತು ಹಿಡೀತಾರೆ, ಒಂದು ಗಂಟೇಲಿ ಒಂದೇ ಪ್ರಶ್ನೆ ಎಷ್ಟು ಸಲ, ಅಂಗಡಿಗೆ ಹೋಗಿ ಚಿಲ್ಲರೆ ಸರಿಯಾಗಿ ತರ್ತಾರಾ. ತಿಂಗಳಿಗೊಮ್ಮೆ ಬರ್ದಿಡಿ. ತೂಕ ಕೂಡ. ಮೂರರಿಂದ ಆರು ತಿಂಗಳಾದ್ಮೇಲೆ ಓದಿ ನೋಡಿ. ಆರು ವಾರದಲ್ಲಿ ತೀರ್ಮಾನ ಮಾಡೋಕಾಗಲ್ಲ, ಅದರಲ್ಲೂ ವಾಕರಿಕೆ ಬಂದು ಊಟ ಬಿಟ್ಟಿರೋ ವಾರಗಳಲ್ಲಿ.

ಗದಗ_ಬಸು
ನಿಲ್ಲಿಸಿದ್ರ ಏನಾಗತೈತಿ? ನಮ್ಮ ಅವ್ವಗ ಏನೂ ಆಗ್ಲಿಲ್ಲ.

ಅಟ್ಲಾಂಟಾ_ಗಿರಿ
ನಮ್ಮತ್ತೆಗೆ ಆಯ್ತು. ಪ್ರಯಾಣದಲ್ಲಿ ಮಾತ್ರೆ ತಪ್ಪಿ ಮೂರು ವಾರ ಇರ್ಲಿಲ್ಲ, ಯಾರೂ ಗಮನಿಸ್ಲಿಲ್ಲ. ಮೂರನೇ ವಾರ ಬಾತ್‌ರೂಮ್ ಯಾವ ಕಡೆ ಅಂತ ಗೊತ್ತಾಗ್ತಿರ್ಲಿಲ್ಲ. ಮತ್ತೆ ಶುರು ಮಾಡಿದ್ವಿ, ಡಾಕ್ಟ್ರು 5ರಿಂದಲೇ ಹತ್ತಬೇಕು ನೇರ 10 ಬೇಡ ಅಂದ್ರು. ಸ್ವಲ್ಪ ಬಂತು, ಪೂರ್ತಿ ಮೊದಲಿನಂಗೆ ಬರ್ಲಿಲ್ಲ. ಹೊಸ ಊರಿಂದ ಆಗಿದ್ದಾ ಮಾತ್ರೆ ತಪ್ಪಿದ್ದಕ್ಕಾ ಇವತ್ತಿಗೂ ನಮಗೆ ಜಗಳ.

ಶೈಲಜಾ_ಲೀಡ್ಸ್
ಬ್ರಿಟನ್ನಲ್ಲಿ ಇದನ್ನೇ ನೋಡಿದಾರೆ, 2012ರಲ್ಲಿ ಬಂತು. ಕಾಯಿಲೆ ಸಾಕಷ್ಟು ಮುಂದುವರೆದು ಆಗಲೇ ಡೊನೆಪೆಜಿಲ್ ತಗೋತಿದ್ದ 295 ಜನ. ಕೆಲವ್ರಿಗೆ ಮುಂದುವರೆಸಿದ್ರು, ಕೆಲವ್ರಿಗೆ ನಿಲ್ಲಿಸಿದ್ರು. ವರ್ಷದ ಕೊನೆಗೆ ಮುಂದುವರೆಸಿದೋರು 30ರ ಪರೀಕ್ಷೇಲಿ ಸುಮಾರು ಎರಡು ಅಂಕ ಮೇಲಿದ್ರು. ಅದಕ್ಕೇ ಕಾಯಿಲೆ ಜಾಸ್ತಿ ಆಯ್ತು ಅನ್ನೋ ಒಂದೇ ಕಾರಣಕ್ಕೆ ನಾವಿಲ್ಲಿ ನಿಲ್ಲಿಸಲ್ಲ. ಆದ್ರೆ ತೂಕ ಇಳೀತಿದೆ, ಬೀಳ್ತಿದಾರೆ, ಪಲ್ಸ್ ತುಂಬಾ ಇಳಿದಿದೆ ಅಂದಾಗ ಆ ಎರಡು ಅಂಕ ಇಟ್ಕೊಂಡು ಏನ್ ಮಾಡೋದು. ಕೆನಡಾದ ಒಂಟಾರಿಯೋದಲ್ಲಿ 2009ರಲ್ಲಿ ಲೆಕ್ಕ ಹಾಕಿದ್ರು, ಡಿಮೆನ್ಷಿಯಾ ಇದ್ದು ಈ ಗುಂಪಿನ ಮಾತ್ರೆ ತಗೊಳ್ಳೋ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 31 ಸಲ ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದ್ರೆ, ತಗೊಳ್ದೋರಲ್ಲಿ 19 ಇತ್ತು. ಸೊಂಟ ಮುರಿಯೋದೂ ಪೇಸ್‌ಮೇಕರ್ ಹಾಕೋದೂ ಜಾಸ್ತಿ.

ಅಟ್ಲಾಂಟಾ_ಗಿರಿ
ಪೇಸ್‌ಮೇಕರ್ ಅಂದಾಗ ನೆನಪಾಯ್ತು, ನನ್ನ ಸಹೋದ್ಯೋಗಿ ತಂದೆಗೆ ಡೊನೆಪೆಜಿಲ್ ಮುಂದುವರೆಸೋಕೆ ಅಂತಲೇ ಪೇಸ್‌ಮೇಕರ್ ಹಾಕಿದ್ರು. ಆಮೇಲೆ 10ಕ್ಕೇ ಹೋದ್ರು. ಅದೂ ಒಂದು ದಾರಿ.

ಮೆಡಿಕಲ್_ಮಂಜಣ್ಣ
ಒಂದು ಮಾತ್ರೆಗೋಸ್ಕರ ಎದೆ ಕೊಯ್ಯೋದಾ? ಮಾತ್ರೆ ಬಿಡೋದು ಸುಲಭ ಅಲ್ವಾ ಸ್ವಾಮಿ.

ಅಟ್ಲಾಂಟಾ_ಗಿರಿ
ಅವ್ರಿಗೆ ಮಾತ್ರೆ ಬಿಟ್ಟಾಗಲೂ ಪಲ್ಸ್ ಏರ್ಲಿಲ್ಲವಂತೆ, ಒಳಗೆ ಮೊದಲೇ ತೊಂದರೆ ಇತ್ತು. ನೀವು ಹೇಳಿದಷ್ಟು ಸರಳ ಇರಲ್ಲ.

ಶೈಲಜಾ_ಲೀಡ್ಸ್
ಇದರಲ್ಲಿ ನಮ್ಮಲ್ಲೂ ಡಾಕ್ಟ್ರುಗಳು ಒಬ್ಬೊಬ್ರು ಒಂದೊಂದು ಹೇಳ್ತಾರೆ. ಮಾತ್ರೆ ಬಿಟ್ಟು ಎರಡು ಮೂರು ವಾರ ಆದ್ಮೇಲೂ ಪಲ್ಸ್ 40ರಲ್ಲೇ ಇದ್ರೆ ಅದು ಹೃದಯದ್ದೇ ಕಾಯಿಲೆ, ಪೇಸ್‌ಮೇಕರ್ ಹೇಗಿದ್ರೂ ಬೇಕು. ಏರಿದ್ರೆ, ಬರೀ ಮಾತ್ರೆಗೋಸ್ಕರ ಹಾಕಿಸೋದು ನಂಗೂ ಇಷ್ಟ ಆಗಲ್ಲ.

ಪುತ್ತೂರು_ಭಟ್ರು
ನುಂಗುವ ಮಾತ್ರೆ ಹೊಟ್ಟೆಗೆ ಆಗದಿದ್ರೆ ಬೆನ್ನಿಗೆ ಅಂಟಿಸುವ ಪಟ್ಟಿ ಉಂಟಂತೆ ಅಲ್ವಾ? ಭಾವನಿಗೆ ಕೊಟ್ಟಿದ್ರು.

ಮೆಡಿಕಲ್_ಮಂಜಣ್ಣ
ಇದೆ, ರಿವಾಸ್ಟಿಗ್ಮಿನ್ ಪ್ಯಾಚ್. ದಿನಕ್ಕೊಂದು, ಹಳೇದು ಕಿತ್ತು ಜಾಗ ಬದಲಾಯಿಸಿ ಅಂಟಿಸ್ಬೇಕು. ರೇಟ್ ಜಾಸ್ತಿ. ಒಬ್ರು ಹಳೇದು ಕೀಳ್ದೆ ಮೂರು ಅಂಟಿಸ್ಕೊಂಡು ವಾಂತಿ ಮಾಡ್ತಾ ಬಂದಿದ್ರು.

ಶೈಲಜಾ_ಲೀಡ್ಸ್
ಹೊಟ್ಟೆಗೆ ಹಗುರ ನಿಜ. ಪಲ್ಸ್ ವಿಷಯದಲ್ಲಿ ಅದೂ ಅದೇ ಕುಲ. ಸುಮಾ ಅವ್ರಪ್ಪಂಗೆ ಸದ್ಯ ಬೇಡ.

ಸುಮಾ_ಅರಸೀಕೆರೆ
ಮೂರು ವಾರ ಆಯ್ತು, ಬರೀತೀನಿ ಅಂದಿದ್ದೆ. ಮಾತ್ರೆ ಬಿಟ್ಟ ಐದನೇ ದಿನ ಪಲ್ಸ್ 51. ಹತ್ತನೇ ದಿನ 56. ಈಗ ಮೆಟೊಪ್ರೊಲಾಲ್ ಇಲ್ಲ, ಡ್ರಾಪ್ಸ್ ಬದಲಾಗಿದೆ, ಡೊನೆಪೆಜಿಲ್ 5 ಬೆಳಿಗ್ಗೆ ಇಡ್ಲಿ ಆದ್ಮೇಲೆ. ಇವತ್ತು 62. ಎರಡನೇ ಇಸಿಜಿಲಿ 0.24 ಇದ್ದಿದ್ದು 0.20. ಕನಸು ನಿಂತಿದೆ. ಹೊಟ್ಟೆ ತೊಳಸು ಇನ್ನೂ ವಾರಕ್ಕೆ ಒಂದೆರಡು ದಿನ ಇದೆ, ಮುದ್ದೆ ಶುರು ಮಾಡಿದಾರೆ, ತೂಕ ಎರಡು ಕೆಜಿ ಕಮ್ಮಿ ಆಗಿದ್ದು ಇನ್ನೂ ವಾಪಸ್ ಬಂದಿಲ್ಲ.

ಆಮ್ಲೊಡಿಪಿನ್ ಶುರು ಮಾಡಿದ್ಮೇಲೆ ಸಂಜೆ ಕಾಲು ಸ್ವಲ್ಪ ಊದ್ತಿದೆ, ಅದಕ್ಕೆ ಇನ್ನೊಂದು ಮಾತ್ರೆ ಕೊಡ್ತಾರಾ ಅಂತ ಭಯ. ಅಣ್ಣ ಈಗಲೂ ನಿಲ್ಲಿಸು ಅಂತಾನೆ, ಅಮ್ಮ ಆರು ತಿಂಗಳು ನೋಡೋಣ ಅಂತಾರೆ. ನಾಲ್ಕು ಕೆಲಸದ ಪಟ್ಟಿ ಪಂಚಾಂಗದ ಹಿಂದಿನ ಪುಟದಲ್ಲಿ ಬರ್ದಿದೀನಿ. ಅಪ್ಪ ನೋಡಿ "ಯಾರ ಪ್ರೋಗ್ರೆಸ್ ಕಾರ್ಡು" ಅಂತ ಕೇಳಿದ್ರು.

ಕುಮಟಾ_ಸವಿತಾ
ಕಾಲು ಊತ ಆಮ್ಲೊಡಿಪಿನ್ನದೇ ಇರ್ಬಹುದು, ನಮ್ಮ ಮಾವಂಗೂ ಹಾಗೇ. ಮೂತ್ರದ ಮಾತ್ರೆ ಕೊಡಕ್ಕೆ ಬಂದ್ರೆ ಮೊದಲು ಬಿಪಿ ಮಾತ್ರೆನೇ ಬದಲಾಯಿಸಕ್ಕಾಗ್ತದಾ ಕೇಳು ತಂಗಿ.

ಗದಗ_ಬಸು
ನಮ್ಮ ಅವ್ವಗೂ ಕಣ್ಣಿಂದು ಡ್ರಾಪ್ಸ್ ಐತಿ. ಈಗ ಹೆಸರ ನೋಡಿ ಬಂದೆ. ಟಿಮೊಲಾಲ್ ಅಂತನ ಬರದೈತಿ. ನಾಳೆ ಮುಂಜಾನೆ ನಾಡಿ ಎಣಿಸಿ ಹೇಳ್ತೀನ್ರಿ.